ಉಪ್ಪಿನ ಪ್ಯಾಕೆಟ್ಟಿನ ಭಾಗಾಕಾರ

ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಅಂಕಿ ಕಂಡರೆ ಓದದೆ ಬಿಡುವವಳಲ್ಲ. ನನಗೀಗ 64 ವರ್ಷ. ಬಿ.ಪಿ. ಇರುವುದರಿಂದ ಡಾಕ್ಟರು ವರ್ಷಕ್ಕೊಮ್ಮೆ ರಕ್ತ, ಮೂತ್ರ ಎರಡನ್ನೂ ಪರೀಕ್ಷೆ ಮಾಡಿಸುತ್ತಾರೆ. ಈ ಸಲದ ವರದಿಯಲ್ಲಿ ಕ್ರಿಯಾಟಿನಿನ್ 1.0 ಎಂದಿತ್ತು. ಪಕ್ಕದಲ್ಲಿ ಯಾವ ಎಚ್ಚರಿಕೆಯ ಗುರುತೂ ಇರಲಿಲ್ಲ. ಆದರೆ ಕೆಳಗಿನ ಸಾಲಿನಲ್ಲಿ, ಮೂತ್ರದ ಆಲ್ಬುಮಿನ್ ಎಂಬ ಕಡೆ, 110 ಎಂದು ದಪ್ಪಕ್ಷರದಲ್ಲಿತ್ತು. ಅದು 30ರ ಒಳಗಿರಬೇಕು.

"ಮೇಡಂ, ಇದು ಮೂತ್ರಪಿಂಡದ ಕಾಯಿಲೆಯ ಆರಂಭ ಇರಬಹುದು" ಎಂದರು ಡಾಕ್ಟರು.

"ಅಜ್ಜಿ, ನಿಮಗೆ ನೋವೇ ಇಲ್ಲವಲ್ಲ?" ಎಂದಳು ಐದನೇ ತರಗತಿಯ ಮೊಮ್ಮಗಳು.

ನೋವು ಬರುವುದಿಲ್ಲ, ಅದೇ ಇದರ ತೊಂದರೆ. ನಮ್ಮ ಒಂದೊಂದು ಮೂತ್ರಪಿಂಡದಲ್ಲೂ ಸುಮಾರು ಹತ್ತು ಲಕ್ಷ ಪುಟ್ಟ ಜರಡಿಗಳಿವೆ. ಕೆಲವು ಕೆಟ್ಟರೆ ಉಳಿದವು ಹೆಚ್ಚು ದುಡಿಯುತ್ತವೆ. ಹಾಗಾಗಿ ರಕ್ತದ ಕ್ರಿಯಾಟಿನಿನ್ ಬಹಳ ಕಾಲ ಸರಿಯಾಗಿಯೇ ಕಾಣುತ್ತದೆ. ಆಲ್ಬುಮಿನ್ ಎಂಬುದು ರಕ್ತದಲ್ಲಿರಬೇಕಾದ ಪ್ರೋಟೀನು. ಜರಡಿಯ ಕಣ್ಣು ಸಡಿಲವಾದರೆ ಅದು ಮೂತ್ರಕ್ಕೆ ಸೋರುತ್ತದೆ. ರಕ್ತ ಪರೀಕ್ಷೆ ಹೇಳದ್ದನ್ನು ಮೂತ್ರ ಪರೀಕ್ಷೆ ಮೊದಲೇ ಹೇಳುವುದು ಹೀಗೆ.

ಆದರೂ ಒಂದೇ ವರದಿಯಿಂದ ತೀರ್ಮಾನ ಮಾಡುವ ಹಾಗಿಲ್ಲ. ಜ್ವರ ಬಂದಿದ್ದರೂ, ಮೂತ್ರದ ಸೋಂಕಿದ್ದರೂ ಆಲ್ಬುಮಿನ್ ಸ್ವಲ್ಪ ದಿನ ಏರಬಹುದು. ಮೂರು ತಿಂಗಳ ನಂತರವೂ ಹೆಚ್ಚೇ ಇದ್ದರೆ ಮಾತ್ರ ಕಾಯಿಲೆ ಎನ್ನುತ್ತಾರೆ. ಅಲ್ಲಿಯವರೆಗೆ ಡಾಕ್ಟರು ಮೂರು ಕೆಲಸ ಹೇಳಿದರು. ಬಿ.ಪಿ. ಮಾತ್ರೆ ಬದಲಿಸಿ, ಅದನ್ನು ಒಂದು ದಿನವೂ ತಪ್ಪಿಸಬಾರದು ಎಂದರು. ಮಂಡಿನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬಾರದು. ಅಂಥ ಹಲವು ಮಾತ್ರೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ಮೂರನೆಯದು ಉಪ್ಪು. ಉಪ್ಪು ಮೈಯಲ್ಲಿ ನೀರು ಹಿಡಿದಿಡುತ್ತದೆ, ಬಿ.ಪಿ. ಏರಿಸುತ್ತದೆ, ಜರಡಿಗಳ ಮೇಲೆ ಒತ್ತಡ ಹಾಕುತ್ತದೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಸಾಕು. ಮಕ್ಕಳಿಗೆ ಇನ್ನೂ ಕಡಿಮೆ.

"ನಾವು ಎಷ್ಟು ತಿನ್ನುತ್ತೇವೆ ಅಂತ ಗೊತ್ತಾಗೋದು ಹೇಗೆ ಅಜ್ಜಿ? ಸಾರಿನಲ್ಲಿ ಉಪ್ಪು ಕಾಣಿಸೋದೇ ಇಲ್ಲ!"

ಒಳ್ಳೆಯ ಪ್ರಶ್ನೆ. ಸೊಸೆ ದಿನಸಿ ಲೆಕ್ಕದ ಪುಸ್ತಕ ತಂದಳು. ಒಂದು ಕಿಲೋ ಉಪ್ಪು ನಮ್ಮ ಮನೆಯಲ್ಲಿ 25 ದಿನ ಬರುತ್ತಿತ್ತು. ಮೊಮ್ಮಗಳು ಸ್ಲೇಟಿನಲ್ಲಿ ಭಾಗಿಸಿದಳು: 1000 ಗ್ರಾಂ ಭಾಗಿಸು 25, ದಿನಕ್ಕೆ 40 ಗ್ರಾಂ. ಮನೆಯಲ್ಲಿ ನಾಲ್ಕು ಜನ, ತಲೆಗೆ 10 ಗ್ರಾಂ. ಬೇಕಾದ್ದಕ್ಕಿಂತ ಎರಡು ಪಟ್ಟು! ಅಂಗಡಿಯ ಉಪ್ಪಿನಕಾಯಿ, ಹಪ್ಪಳ, ಬೇಕರಿಯ ಖಾರದ ಲೆಕ್ಕ ಇದರಲ್ಲಿ ಬಂದೇ ಇಲ್ಲ.

ಅಂದಿನಿಂದ ಹೊಸ ಪ್ಯಾಕೆಟ್ ಒಡೆದಾಗಲೆಲ್ಲ ಅವಳೇ ಡಬ್ಬಿಯ ಮೇಲೆ ದಿನಾಂಕ ಬರೆಯುತ್ತಾಳೆ. ಒಮ್ಮೆಲೇ ಅರ್ಧಕ್ಕೆ ಇಳಿಸಿದರೆ ಊಟ ಸೇರುವುದಿಲ್ಲವೆಂದು ವಾರವಾರ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿದೆವು. ಅನ್ನಕ್ಕೆ, ಚಪಾತಿ ಹಿಟ್ಟಿಗೆ ಉಪ್ಪು ನಿಂತಿತು. ಮಜ್ಜಿಗೆಗೆ ಉಪ್ಪಿನ ಬದಲು ಜೀರಿಗೆ ಪುಡಿ, ಪಲ್ಯಕ್ಕೆ ಮೆಣಸಿನ ಪುಡಿ ಮತ್ತು ನಿಂಬೆರಸ ಬಂದವು. ಉಪ್ಪಿನಕಾಯಿ ಭಾನುವಾರಕ್ಕೆ ಮಾತ್ರ. ಮೊದಲ ಎರಡು ವಾರ ಎಲ್ಲವೂ ಸಪ್ಪೆ ಎನಿಸಿತು. ಆಮೇಲೆ ನಾಲಿಗೆ ಒಗ್ಗಿಕೊಂಡಿತು.

ನೆರೆಯವರೊಬ್ಬರು ಸೋಡಿಯಂ ಕಡಿಮೆ ಇರುವ ಉಪ್ಪು ತಂದುಕೊಟ್ಟರು. ಡಾಕ್ಟರು ಬೇಡವೆಂದರು. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದಂತೆ. ಮೂತ್ರಪಿಂಡ ದುರ್ಬಲವಾದವರಲ್ಲಿ, ನನ್ನಂಥ ಬಿ.ಪಿ. ಮಾತ್ರೆ ನುಂಗುವವರಲ್ಲಿ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯಕ್ಕೆ ತೊಂದರೆ ಕೊಡಬಹುದು. ದಿನಕ್ಕೆ ಐದಾರು ಲೀಟರ್ ನೀರು ಕುಡಿದರೆ ಮೂತ್ರಪಿಂಡ ತೊಳೆದುಹೋಗುತ್ತದೆ ಎಂದು ಇನ್ನೊಬ್ಬರು ಹೇಳಿದರು. ಅದಕ್ಕೂ ಡಾಕ್ಟರು ತಲೆ ಅಲ್ಲಾಡಿಸಿ, "ಬಾಯಾರಿದಷ್ಟು ಕುಡಿಯಿರಿ, ಸಾಕು" ಎಂದರು.

ಮೊದಲ ಪ್ಯಾಕೆಟ್ 38 ದಿನ ಬಂತು. ತಲೆಗೆ ಆರೂವರೆ ಗ್ರಾಂ ಚಿಲ್ಲರೆ. ಎರಡನೆಯದು 48 ದಿನ. ತಲೆಗೆ 5 ಗ್ರಾಂ ಚಿಲ್ಲರೆ.

ಮೂರು ತಿಂಗಳಿಗೆ ಮತ್ತೆ ಪರೀಕ್ಷೆಯಾಯಿತು. ಬಿ.ಪಿ. 148/90 ಇದ್ದದ್ದು 128/78ಕ್ಕೆ ಇಳಿದಿತ್ತು. ಆಲ್ಬುಮಿನ್ 110ರಿಂದ 62ಕ್ಕೆ ಬಂದಿತ್ತು.

"ಹಾಗಾದರೆ ಕಾಯಿಲೆ ಹೋಯಿತಾ?" ಮೊಮ್ಮಗಳ ಕಣ್ಣರಳಿತು.

ಇಲ್ಲ ಪುಟ್ಟಿ. 62 ಕೂಡ 30ಕ್ಕಿಂತ ಹೆಚ್ಚೇ. ಕಾಯಿಲೆ ಇರುವುದು ಈಗ ಖಚಿತವಾಯಿತು. ಕೆಟ್ಟುಹೋದ ಜರಡಿಗಳು ಮರಳಿ ಬರುವುದಿಲ್ಲ. ಸೋರಿಕೆ ಕಡಿಮೆಯಾಗಿದೆ ಎಂದರೆ ಉಳಿದವುಗಳ ಮೇಲಿನ ಭಾರ ಇಳಿದಿದೆ ಎಂದಷ್ಟೇ ಅರ್ಥ. ಉಳಿದವನ್ನು ಇನ್ನೆಷ್ಟು ವರ್ಷ ಉಳಿಸಿಕೊಳ್ಳುತ್ತೇವೆ ಎಂಬುದೇ ಇನ್ನು ಮುಂದಿನ ಲೆಕ್ಕ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಡುಗೆಮನೆಗೆ ಹೋಗಿ ಮೂರನೆಯ ಪ್ಯಾಕೆಟ್ಟಿನ ದಿನಾಂಕ ಬರೆದಳು.