ಅರ್ಧ ಅಂಕ ಬಯಾಲಜಿಗೆ, ಹಾಗಾದರೆ ಅರ್ಧ ಸಮಯವೂ ಅದಕ್ಕೇನಾ?

ನೀಟ್ ಬರೆಯುವ ಗೆಳೆಯ ಗೆಳತಿಯರ ಮನೆಗೆ ಹೋದರೆ ಗೋಡೆಯ ಮೇಲೊಂದು ವೇಳಾಪಟ್ಟಿ ಕಾಣುತ್ತದೆ. ಹೆಚ್ಚಿನ ಪಟ್ಟಿಗಳ ಲೆಕ್ಕ ಒಂದೇ. ಒಟ್ಟು 720 ಅಂಕಗಳಲ್ಲಿ ಬಯಾಲಜಿಗೆ 360, ಫಿಸಿಕ್ಸ್‌ಗೆ 180, ಕೆಮಿಸ್ಟ್ರಿಗೆ 180. ಆದ್ದರಿಂದ ದಿನದ ಅರ್ಧ ಬಯಾಲಜಿಗೆ, ಉಳಿದರ್ಧವನ್ನು ಇನ್ನೆರಡು ವಿಷಯಗಳಿಗೆ ಸಮನಾಗಿ ಹಂಚುವುದು. ನೋಡಲು ನ್ಯಾಯವಾಗಿಯೇ ಇದೆ. ಆದರೆ ಕೊನೆಯ ಹನ್ನೆರಡು ವಾರಗಳ ಪುನರಾವರ್ತನೆಗೆ ಈ ಲೆಕ್ಕ ಸರಿಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಸಮಯವನ್ನು ಹಂಚಬೇಕಾದದ್ದು ವಿಷಯಕ್ಕಿರುವ ಅಂಕದ ಮೇಲಲ್ಲ, ಆ ವಿಷಯದಲ್ಲಿ ನಾವು ಕಳೆದುಕೊಳ್ಳುತ್ತಿರುವ ಅಂಕದ ಮೇಲೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬ ವಿದ್ಯಾರ್ಥಿನಿ ಫೆಬ್ರವರಿ ಮೊದಲ ವಾರ ಪೂರ್ಣ ಮಾಕ್ ಟೆಸ್ಟ್ ಬರೆದಿದ್ದಾಳೆ ಎಂದುಕೊಳ್ಳಿ. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಬಯಾಲಜಿಯ 90 ಪ್ರಶ್ನೆಗಳಲ್ಲಿ 74 ಸರಿ, 16 ತಪ್ಪು, ಅಂದರೆ 280 ಅಂಕ. ಕೆಮಿಸ್ಟ್ರಿಯ 45ರಲ್ಲಿ 27 ಸರಿ, 13 ತಪ್ಪು, 5 ಖಾಲಿ, ಅಂದರೆ 95. ಫಿಸಿಕ್ಸ್‌ನ 45ರಲ್ಲಿ 18 ಸರಿ, 22 ತಪ್ಪು, 5 ಖಾಲಿ, ಅಂದರೆ 50. ಒಟ್ಟು 425.

ಈಗ ಕೈತಪ್ಪಿದ್ದೆಷ್ಟು ನೋಡಿ. ಬಯಾಲಜಿಯಲ್ಲಿ 80, ಕೆಮಿಸ್ಟ್ರಿಯಲ್ಲಿ 85, ಫಿಸಿಕ್ಸ್‌ನಲ್ಲಿ 130. ಹೆಚ್ಚುಕಡಿಮೆ 2:2:3. ಆಕೆ ದಿನಕ್ಕೆ ಏಳು ಗಂಟೆ ಓದುವುದಾದರೆ ಬಯಾಲಜಿಗೆ ಎರಡು, ಕೆಮಿಸ್ಟ್ರಿಗೆ ಎರಡು, ಫಿಸಿಕ್ಸ್‌ಗೆ ಮೂರು ಗಂಟೆ ಸಿಗಬೇಕು. ಗೋಡೆಯ ಪಟ್ಟಿಯ ಪ್ರಕಾರ ಬಯಾಲಜಿಗೆ ಮೂರೂವರೆ ಗಂಟೆ ಹೋಗುತ್ತಿತ್ತು, ಫಿಸಿಕ್ಸ್‌ಗೆ ಎರಡು ಗಂಟೆಯೂ ಇರುತ್ತಿರಲಿಲ್ಲ. ಗೊತ್ತಿರುವುದನ್ನೇ ಮತ್ತೆ ಮತ್ತೆ ಓದಿದರೆ ಮನಸ್ಸಿಗೆ ಹಿತವಾಗುತ್ತದೆ ನಿಜ, ಅಂಕ ಮಾತ್ರ ಅಲ್ಲೇ ನಿಂತಿರುತ್ತದೆ.

ಇದೇ ಸೂತ್ರ ಬೇರೊಬ್ಬರಿಗೆ ಬೇರೆ ಉತ್ತರ ಕೊಡುತ್ತದೆ. ಬಯಾಲಜಿಯಲ್ಲಿ 200 ಮಾತ್ರ ಬಂದಿದ್ದರೆ ಕೈತಪ್ಪಿದ್ದು 160. ಆಗ ಹೆಚ್ಚು ಸಮಯ ಬಯಾಲಜಿಗೇ ಸಲ್ಲಬೇಕು. ಹಾಗಾಗಿ ಟಾಪರ್‌ಗಳ ವೇಳಾಪಟ್ಟಿಯನ್ನು ನಕಲು ಮಾಡಿ ಪ್ರಯೋಜನವಿಲ್ಲ. ಮೂರು ವಾರಕ್ಕೊಮ್ಮೆ ಪೂರ್ಣ ಮಾಕ್ ಬರೆದು, ಕೈತಪ್ಪಿದ ಅಂಕ ಎಣಿಸಿ, ಗಂಟೆಗಳನ್ನು ಮತ್ತೆ ಹಂಚಿಕೊಳ್ಳಬೇಕು.

ಈ ಲೆಕ್ಕಕ್ಕೆ ಒಂದು ಮಿತಿಯಿದೆ. ಬಯಾಲಜಿ ಬೇಗ ಮರೆತುಹೋಗುತ್ತದೆ. ಹಾರ್ಮೋನುಗಳ ಹೆಸರು, ಸಸ್ಯಕುಟುಂಬಗಳ ಲಕ್ಷಣ, ಎನ್‌ಸಿಇಆರ್‌ಟಿ ಪುಸ್ತಕದ ಚಿತ್ರಗಳ ಭಾಗಗಳು ಹತ್ತು ದಿನ ಬಿಟ್ಟರೆ ಮಸುಕಾಗುತ್ತವೆ. ಆದ್ದರಿಂದ ಎಷ್ಟೇ ಅಂಕ ಬರುತ್ತಿದ್ದರೂ ಅದನ್ನು ದಿನಕ್ಕೆ ಒಂದೂವರೆ ಗಂಟೆಗಿಂತ ಕೆಳಗೆ ಇಳಿಸಬಾರದು. ಆ ಸಮಯವನ್ನು ಒಂದೇ ಸಲ ಕೂತು ಓದಬೇಕೆಂದಿಲ್ಲ. ಉಲ್ಲಾಳದಿಂದ ವಿಜಯನಗರದ ಕಡೆಗೆ ಟ್ಯೂಷನ್‌ಗೆ ಬಸ್ಸಿನಲ್ಲಿ ಹೋಗಿಬರುವಾಗ ಒಂದು ಅಧ್ಯಾಯದ ಪ್ರಶ್ನೆಗಳನ್ನು ತಿರುವಿ ಹಾಕಬಹುದು. ಫಿಸಿಕ್ಸ್‌ಗೆ ಇದು ಆಗದು. ಅದಕ್ಕೆ ಮೇಜು, ಕಾಗದ, ಒಟ್ಟಿಗೆ ಒಂದೂವರೆ ಗಂಟೆ ಬೇಕು. ಕೆಮಿಸ್ಟ್ರಿ ಇವೆರಡರ ನಡುವೆ ನಿಲ್ಲುತ್ತದೆ. ಇನಾರ್ಗ್ಯಾನಿಕ್ ಭಾಗವನ್ನು ಬಯಾಲಜಿಯಂತೆ ದಿನವೂ ಸ್ವಲ್ಪ ಓದಬೇಕು, ಫಿಸಿಕಲ್ ಭಾಗವನ್ನು ಫಿಸಿಕ್ಸ್‌ನಂತೆ ಲೆಕ್ಕ ಮಾಡಿಯೇ ಕಲಿಯಬೇಕು, ಆರ್ಗ್ಯಾನಿಕ್ ಕ್ರಿಯೆಗಳನ್ನು ಕೈಯಾರೆ ಬರೆದು ನೋಡಬೇಕು.

ಫಿಸಿಕ್ಸ್‌ಗೆ ಮೂರು ಗಂಟೆ ಕೊಟ್ಟ ಮಾತ್ರಕ್ಕೆ ಅಂಕ ಬರುವುದಿಲ್ಲ. ಆ 22 ತಪ್ಪುಗಳನ್ನು ಮೊದಲು ಬೇರ್ಪಡಿಸಬೇಕು. ಅವುಗಳಲ್ಲಿ 9 ಸೂತ್ರವೇ ನೆನಪಾಗದವು, 5 ಪರಿಕಲ್ಪನೆ ಅರ್ಥವಾಗದವು, 8 ದಾರಿ ಗೊತ್ತಿದ್ದೂ ಲೆಕ್ಕದಲ್ಲಿ ಎಡವಿದವು ಎಂದಿಟ್ಟುಕೊಳ್ಳಿ. ಸೆಂಟಿಮೀಟರನ್ನು ಮೀಟರಿಗೆ ಬದಲಿಸದೆ ಬಿಡುವುದು, ಎಲೆಕ್ಟ್ರಾನ್ ವೋಲ್ಟನ್ನು ಜೌಲ್ ಎಂದು ಓದುವುದು, ಹತ್ತರ ಘಾತದ ಚಿಹ್ನೆ ತಪ್ಪುವುದು ಇಂಥವು. ಒಂದು ತಪ್ಪು ಸರಿಯಾದರೆ ಸಿಗುವುದು 4 ಅಲ್ಲ, 5 ಅಂಕ, ಯಾಕೆಂದರೆ ಕಡಿತವೂ ತಪ್ಪುತ್ತದೆ. ಎಂಟು ತಪ್ಪು ಸರಿಯಾದರೆ ಹೊಸ ಪಾಠ ಒಂದನ್ನೂ ಓದದೆ 40 ಅಂಕ. ಆದ್ದರಿಂದ ಮೊದಲ ವಾರ ಈ ಎಂಟಕ್ಕೆ, ನಂತರ ಸೂತ್ರದ ಒಂಬತ್ತಕ್ಕೆ, ಕೊನೆಗೆ ಪರಿಕಲ್ಪನೆಯ ಐದಕ್ಕೆ. ಬಹುತೇಕರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ, ಪರಿಭ್ರಮಣ ಚಲನೆಯಂಥ ಕಠಿಣ ಅಧ್ಯಾಯದಿಂದ ಶುರುಮಾಡಿ ಹತ್ತು ದಿನಕ್ಕೇ ಸುಸ್ತಾಗುತ್ತಾರೆ.

ಇನ್ನು ಹನ್ನೆರಡು ವಾರದ ವಿಷಯ. ಕರ್ನಾಟಕದಲ್ಲಿ ನಮಗೆ ನಿಜವಾಗಿ ಹನ್ನೆರಡು ವಾರ ಸಿಗುವುದೇ ಇಲ್ಲ. 2025ರ ಕ್ಯಾಲೆಂಡರ್ ನೋಡಿ. ನೀಟ್ ಇದ್ದದ್ದು ಮೇ 4, ಭಾನುವಾರ. ಅಲ್ಲಿಂದ ಹನ್ನೆರಡು ವಾರ ಹಿಂದೆ ಎಣಿಸಿದರೆ ಫೆಬ್ರವರಿ 9. ಇದರ ಮಧ್ಯೆ ಮಾರ್ಚ್ 1ರಿಂದ 20ರವರೆಗೆ ದ್ವಿತೀಯ ಪಿಯು ಪರೀಕ್ಷೆ, ಏಪ್ರಿಲ್ 16 ಮತ್ತು 17ಕ್ಕೆ ಸಿಇಟಿ. ಮಾರ್ಚ್ ತಿಂಗಳು ಪೂರ್ತಿ ರಂಜಾನ್, 31ಕ್ಕೆ ಈದ್. ಇದನ್ನೆಲ್ಲ ಲೆಕ್ಕಕ್ಕೆ ಹಿಡಿಯದೆ ಹಾಕಿದ ಪಟ್ಟಿ ನಾಲ್ಕನೇ ವಾರಕ್ಕೇ ಮುರಿದುಬೀಳುತ್ತದೆ.

ಆ ವರ್ಷದ ಮಟ್ಟಿಗೆ ನಾನು ಪಟ್ಟಿ ಹಾಕುವುದಾದರೆ ಹೀಗೆ ಹಾಕುತ್ತಿದ್ದೆ. ಮೊದಲ ಮೂರು ವಾರ ಪ್ರಥಮ ಪಿಯು ಪಾಠಗಳಿಗೆ ಹೆಚ್ಚು ಸಮಯ. ಬೋರ್ಡ್ ಪರೀಕ್ಷೆ ದ್ವಿತೀಯ ವರ್ಷದ ಪಾಠಗಳ ಮೇಲೆ ನಡೆಯುತ್ತದೆ, ನೀಟ್ ಎರಡೂ ವರ್ಷ ಕೇಳುತ್ತದೆ. ಬೋರ್ಡ್ ಮುಗಿಯುವ ಹೊತ್ತಿಗೆ ಪ್ರಥಮ ವರ್ಷದ್ದು ಮರೆತಿರುತ್ತದೆ. ನಾಲ್ಕರಿಂದ ಆರನೇ ವಾರ ಬೋರ್ಡ್ ಪರೀಕ್ಷೆಗೇ ಬಿಡಬೇಕು. ನಮ್ಮ ವಿಜ್ಞಾನ ಪುಸ್ತಕಗಳು ಎನ್‌ಸಿಇಆರ್‌ಟಿಯವೇ ಆದ್ದರಿಂದ ಆ ಓದು ನೀಟ್‌ಗೂ ಸಲ್ಲುತ್ತದೆ. ಜೊತೆಗೆ ದಿನಕ್ಕೆ ಅರ್ಧ ಗಂಟೆ ಪ್ರಥಮ ವರ್ಷದ ಬಯಾಲಜಿ ಇದ್ದರೆ ಸಾಕು. ಒಂದೂವರೆ ಗಂಟೆಯ ನಿಯಮ ಈ ಮೂರು ವಾರಕ್ಕೆ ಅನ್ವಯಿಸುವುದಿಲ್ಲ. ಉಪವಾಸ ಇರುವವರು ಸಹರಿಯ ನಂತರದ ಬೆಳಗನ್ನು ಫಿಸಿಕ್ಸ್ ಲೆಕ್ಕಗಳಿಗೆ, ಮಧ್ಯಾಹ್ನದ ನಂತರದ ಹೊತ್ತನ್ನು ಓದುವ ಕೆಲಸಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಏಳರಿಂದ ಒಂಬತ್ತನೇ ವಾರ ನಿಜವಾದ ದುಡಿಮೆಯ ಕಾಲ, 2:2:3ರಂಥ ಹಂಚಿಕೆ ಪೂರ್ತಿ ಜಾರಿಗೆ ಬರುವುದು ಇಲ್ಲಿಯೇ.

ಹತ್ತನೇ ವಾರ ಸಿಇಟಿ. ಇಲ್ಲಿ ಒಂದು ಎಚ್ಚರ ಬೇಕು. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಎಲ್ಲವನ್ನೂ ಗುರುತು ಹಾಕುವುದೇ ಜಾಣತನ. ಆ ಅಭ್ಯಾಸವನ್ನು ನೀಟ್‌ಗೆ ಹೊತ್ತೊಯ್ದರೆ ಕಷ್ಟ. ಕೊನೆಯ ಎರಡು ವಾರ ದಿನ ಬಿಟ್ಟು ದಿನ ಮಾಕ್, ಪರೀಕ್ಷೆಯ ಹೊತ್ತಿನಲ್ಲೇ, ಅಂದರೆ ಮಧ್ಯಾಹ್ನ 2ರಿಂದ 5. ಮಧ್ಯದ ದಿನ ತಪ್ಪುಗಳ ಪರಿಶೀಲನೆ.

ಬಯಾಲಜಿಯೇ ನಮ್ಮನ್ನು ದಡ ಸೇರಿಸುತ್ತದೆ ಎಂದು ವಾದಿಸುವವರಿದ್ದಾರೆ. ಅದರಲ್ಲಿ ಅರ್ಧ ಸತ್ಯವಿದೆ. 2025ರಲ್ಲಿ ಸಾಮಾನ್ಯ ವರ್ಗದ ಅರ್ಹತಾ ಅಂಕ 144, ಅದು ಬಯಾಲಜಿಯೊಂದರಿಂದಲೇ ಬರಬಹುದು. ಇಬ್ಬರಿಗೆ ಒಂದೇ ಅಂಕ ಬಂದರೆ ಮೊದಲು ನೋಡುವುದೂ ಬಯಾಲಜಿ ಅಂಕವನ್ನೇ. ಆದರೆ ಅರ್ಹತೆ ಬೇರೆ, ಸರ್ಕಾರಿ ಸೀಟು ಬೇರೆ. ಸೀಟಿನ ಹತ್ತಿರ ಇರುವವರಿಗೆಲ್ಲ ಬಯಾಲಜಿ ಚೆನ್ನಾಗಿಯೇ ಬಂದಿರುತ್ತದೆ, ಅವರ ನಡುವಿನ ಅಂತರ ಹುಟ್ಟುವುದು ಫಿಸಿಕ್ಸ್‌ನಲ್ಲಿ. ಇನ್ನೊಂದು ಲೆಕ್ಕವೂ ಇದೆ. 2025ರಿಂದ 180 ಪ್ರಶ್ನೆಗೆ 180 ನಿಮಿಷ ಮಾತ್ರ. ಬಯಾಲಜಿಯ 90 ಪ್ರಶ್ನೆಗಳನ್ನು 50 ನಿಮಿಷದಲ್ಲಿ ಮುಗಿಸಿದವರಿಗೆ ಮಾತ್ರ ಫಿಸಿಕ್ಸ್‌ಗೆ ಒಂದು ಗಂಟೆಗಿಂತ ಹೆಚ್ಚು ಉಳಿಯುತ್ತದೆ. ಹಾಗಾಗಿ ಕೊನೆಯ ವಾರಗಳಲ್ಲಿ ಬಯಾಲಜಿಯಿಂದ ನಮಗೆ ಬೇಕಾದದ್ದು ಇನ್ನಷ್ಟು ಪುಟಗಳಲ್ಲ, ವೇಗ.

ಈ ವಾರದ ಮಾಕ್ ಉತ್ತರಪತ್ರಿಕೆ ಕೈಗೆ ಬಂದಾಗ ಒಟ್ಟು ಅಂಕವನ್ನಷ್ಟೇ ನೋಡಿ ಮಡಚಿಡಬೇಡಿ. ಮೂರು ವಿಷಯಗಳ ಪಕ್ಕದಲ್ಲಿ ಕೈತಪ್ಪಿದ ಅಂಕ ಬರೆಯಿರಿ, ಆ ಮೂರು ಸಂಖ್ಯೆಗಳಿಂದ ಮುಂದಿನ ವಾರದ ಗಂಟೆಗಳನ್ನು ಹಂಚಿಕೊಳ್ಳಿ.