ಮುಂದಿನ ಸ್ಲೈಡಿನ ನ್ಯಾಯ

ಪ್ರಶ್ನೆ ಒಂದು ಸ್ಲೈಡಿನಲ್ಲಿ, ಉತ್ತರ ಮುಂದಿನದರಲ್ಲಿ. ಇಂಥ ರಸಪ್ರಶ್ನೆಯಲ್ಲಿ ಓದುಗನಿಗೆ ವಾದಿಸಲು ಎದುರಿಗೆ ಯಾರೂ ಇಲ್ಲ. ಬೆರಳು ಸರಿಸಿದೊಡನೆ ತೀರ್ಪು ಬಂದಿರುತ್ತದೆ. ಹಾಗಾಗಿ ನ್ಯಾಯದ ಹೊಣೆ ಪೂರ್ತಿ ಪ್ರಶ್ನೆ ಬರೆದವರದು. ಸೋತವನು ಉತ್ತರ ನೋಡಿ ‘ಹೌದು, ಇದು ನನಗೆ ಗೊತ್ತಿರಬಹುದಿತ್ತು’ ಎಂದು ಒಪ್ಪುವಂತಿದ್ದರೆ ಮಾತ್ರ ಅದು ನ್ಯಾಯದ ಪ್ರಶ್ನೆ ಎಂಬುದು ನನ್ನ ವಾದ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಓದುಗರಿಗಾಗಿ ಐದು ಪ್ರಶ್ನೆಗಳ ಒಂದು ಕಂತು ಮಾಡುತ್ತಿದ್ದೇವೆ ಎನ್ನಿ. ಮೊದಲು ಹೊಳೆಯುವ ಪ್ರಶ್ನೆ: ‘ತಾಳಿಕೋಟೆ ಯಾವ ತಾಲ್ಲೂಕಿನಲ್ಲಿದೆ?’ ಹಳೆಯ ಪುಸ್ತಕದ ಉತ್ತರ ಮುದ್ದೇಬಿಹಾಳ. ಆದರೆ ತಾಳಿಕೋಟೆ ಈಗ ತಾನೇ ಒಂದು ತಾಲ್ಲೂಕು. ಸರಿಯಾಗಿ ತಿಳಿದವನೇ ಇಲ್ಲಿ ತಪ್ಪಿತಸ್ಥನಾಗುತ್ತಾನೆ. ‘ತಾಳಿಕೋಟೆ ಕದನ ಎಲ್ಲಿ ನಡೆಯಿತು?’ ಎಂದು ತಿದ್ದಿದರೂ ತೊಡಕು ಬಿಡದು. ರಕ್ಕಸಗಿ–ತಂಗಡಗಿ ಎನ್ನುವವರಿದ್ದಾರೆ, ಜಾಗದ ಬಗ್ಗೆ ಇತಿಹಾಸಕಾರರಲ್ಲೇ ಒಮ್ಮತವಿಲ್ಲ. ಬಸವಣ್ಣನವರ ಜನ್ಮಸ್ಥಳದ ಪ್ರಶ್ನೆಯೂ ಹೀಗೆಯೇ: ಬಾಗೇವಾಡಿಯ ಜೊತೆಗೆ ಇಂಗಳೇಶ್ವರವನ್ನೂ ಆಯ್ಕೆಯಾಗಿ ಕೊಟ್ಟರೆ ಅದು ಪರೀಕ್ಷೆಯಲ್ಲ, ಜಗಳ.

ಬದಲಿಗೆ ಹೀಗೆ ಕೇಳಬಹುದು: ‘1565ರ ತಾಳಿಕೋಟೆ ಕದನದಲ್ಲಿ ವಿಜಯನಗರದ ಸೇನೆಯನ್ನು ಮುನ್ನಡೆಸಿದವರು ಯಾರು?’ ಆಯ್ಕೆಗಳು ಕೃಷ್ಣದೇವರಾಯ, ಅಚ್ಯುತರಾಯ, ಸದಾಶಿವರಾಯ, ರಾಮರಾಯ. ಮೊದಲಿಬ್ಬರು ಆ ಹೊತ್ತಿಗೆ ತೀರಿಹೋಗಿದ್ದರು. ಸದಾಶಿವರಾಯ ಒಳ್ಳೆಯ ತಪ್ಪು ಉತ್ತರ, ಏಕೆಂದರೆ ಸಿಂಹಾಸನದಲ್ಲಿ ಇದ್ದವನು ಅವನೇ. ಅಧಿಕಾರ ಮಾತ್ರ ಅಳಿಯ ರಾಮರಾಯನ ಕೈಯಲ್ಲಿತ್ತು. ಉತ್ತರದ ಸ್ಲೈಡು ಬರೀ ಹೆಸರು ಹೇಳಿ ನಿಲ್ಲದೆ ಈ ಕಾರಣವನ್ನೂ ಹೇಳಬೇಕು. ಸದಾಶಿವರಾಯನನ್ನು ಆರಿಸಿದವನಿಗೆ ತಾನು ಎಲ್ಲಿ ಎಡವಿದೆ ಎಂಬುದು ಆಗಲೇ ತಿಳಿಯುವುದು. ‘ರಾಮರಾಯ’ ಎಂಬಲ್ಲಿ ‘ಅಳಿಯ’ ಎಂದು ಸೇರಿಸಿ ಆ ಒಂದು ಆಯ್ಕೆಯನ್ನು ಮಾತ್ರ ಉದ್ದ ಮಾಡುವುದೂ ಬೇಡ. ಉಳಿದವುಗಳಿಗಿಂತ ಬೇರೆಯಾಗಿ ಕಾಣುವ ಆಯ್ಕೆ ತಾನೇ ಗುಟ್ಟು ಬಿಟ್ಟುಕೊಡುತ್ತದೆ.

ಕೊನೆಯ ಅಂಕಗಳ ಸ್ಲೈಡಿಗೆ ಯಾರು ಏನು ಆರಿಸಿದರೆಂದು ಗೊತ್ತಿಲ್ಲ. ಲೆಕ್ಕ ಓದುಗನ ಬಾಯಲ್ಲೇ ಇರುತ್ತದೆ. ಆದ್ದರಿಂದ ಪ್ರತಿ ಪ್ರಶ್ನೆಗೆ ಒಂದೇ ಅಂಕ, ಕಾಲು ಅರ್ಧಗಳ ಗೋಜು ಬೇಡ. ಹೆಚ್ಚು ಜನ ತಪ್ಪುವುದು ಅಂಕಕ್ಕೆ ಬಿರುದು ಕೊಡುವಲ್ಲಿ. ನಾಲ್ಕು ಆಯ್ಕೆಗಳ ಐದು ಪ್ರಶ್ನೆಗಳನ್ನು ಕಣ್ಣು ಮುಚ್ಚಿ ಒತ್ತಿದರೂ ನೂರರಲ್ಲಿ ಸುಮಾರು 37 ಜನರಿಗೆ ಎರಡು ಅಥವಾ ಹೆಚ್ಚು ಅಂಕ ಬರುತ್ತದೆ. ಎರಡಕ್ಕೆ ‘ಜಾಣರು’ ಎಂದರೆ ಅದೃಷ್ಟಕ್ಕೆ ಶಾಲು ಹೊದಿಸಿದಂತೆ. ನಾಲ್ಕು ಮುಟ್ಟಲು ನೂರರಲ್ಲಿ ಇಬ್ಬರಿಗೂ ಅದೃಷ್ಟ ಸಾಲದು; ಹೊಗಳಿಕೆ ಅಲ್ಲಿಂದ ಶುರುವಾಗಲಿ. ಸೊನ್ನೆ ಬಂದವರನ್ನು ‘ನೀವು ಈ ಜಿಲ್ಲೆಯವರೇ?’ ಎಂದು ಕೆಣಕುವುದಂತೂ ಸಲ್ಲದು. ಐದರಲ್ಲಿ ನಾಲ್ಕು ಪ್ರಶ್ನೆ ಬಾಗೇವಾಡಿಯದೇ ಆಗಿದ್ದರೆ ಇಂಡಿಯವರ ಸೊನ್ನೆ ತೋರಿಸುವುದು ಅವರ ಊರನ್ನು, ಅವರ ತಿಳಿವಳಿಕೆಯನ್ನಲ್ಲ.