ವಾರದ ಚೀಟಿ

ತರಕಾರಿಯ ಚೀಟಿಯನ್ನು ಬರೆಯಬೇಕಾದುದು ತರಕಾರಿಯ ಹೆಸರಿನಿಂದಲ್ಲ, ಅಡಿಗೆಯ ಹೆಸರಿನಿಂದ. ಅಕ್ಕಿ, ಬೇಳೆಗಳು ತಿಂಗಳ ಸಾಮಾನಿನೊಡನೆ ಬರುತ್ತವೆ. ಅವು ಬೇಗ ಕೆಡುವುದಿಲ್ಲ. ಕಸದ ಬುಟ್ಟಿಗೆ ಬೀಳುವುದು ಹೆಚ್ಚಾಗಿ ಸಂತೆಯ ದಿನ ತಂದ ಸೊಪ್ಪು, ಕಾಯಿಪಲ್ಯಗಳೇ.

ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು ಇರುವ ಮೈಸೂರಿನ ಮನೆಯೊಂದನ್ನು ಊಹಿಸಿಕೊಳ್ಳಿರಿ. ವಾರದಲ್ಲಿ ಎರಡು ದಿನ ತಿಳಿಸಾರು, ಒಂದು ದಿನ ಸೊಪ್ಪಿನ ಹುಳಿ, ಉಳಿದ ನಾಲ್ಕು ದಿನ ತರಕಾರಿ ಹುಳಿ. ಮಕ್ಕಳ ಡಬ್ಬಿಗೂ ಆಗುವಂತೆ ನಾಲ್ಕು ದಿನ ಪಲ್ಯ. ಹುಳಿಗೆ ಕಾಲು ಕಿಲೋ, ಪಲ್ಯಕ್ಕೆ 400 ಗ್ರಾಂ ಎಂದರೆ ಒಟ್ಟು 2 ಕಿಲೋ 600 ಗ್ರಾಂ ಆಯಿತು. ಸೊಪ್ಪು, ಈರುಳ್ಳಿ, ಟೊಮೇಟೊ ಬೇರೆ. ಚೀಟಿಯಿಲ್ಲದೆ ಹೋದವರು ಕಂಡ ಎಂಟು ಬಗೆಯನ್ನು ಅರ್ಧರ್ಧ ಕಿಲೋ ತಂದರೆ 4 ಕಿಲೋ! ಹೆಚ್ಚಿನ ಒಂದೂಕಾಲು ಕಿಲೋಗಿಂತಲೂ ಮಿಕ್ಕ ತರಕಾರಿಯನ್ನು ಬೇಯಿಸುವ ದಿನವೇ ಆ ವಾರದಲ್ಲಿಲ್ಲ.

ಲೆಕ್ಕ ಸರಿಯಾದರೂ ಸರದಿ ತಪ್ಪಿದರೆ ನಷ್ಟವೇ. ಭಾನುವಾರ ತಂದ ಸೊಪ್ಪು ಅಂದೇ ಅಥವಾ ಮರುದಿನ ಒಲೆಗೇರಬೇಕು. ಬೆಂಡೆಕಾಯಿ ಅದರ ಬೆನ್ನಿಗೇ. ಹುರುಳಿಕಾಯಿ, ಬದನೆ, ಹೀರೆಕಾಯಿ ವಾರದ ನಡುವಿಗೆ. ಎಲೆಕೋಸು, ಬೀಟ್‌ರೂಟು, ಇಡಿಯ ಸಾಂಬಾರು ಸೌತೆ ಕೊನೆಯವರೆಗೂ ಕಾಯಬಲ್ಲವು. ಕುಂಬಳಕಾಯಿಯೂ ಇಡಿಯಾಗಿದ್ದರೆ ಬಹುಕಾಲ ಬಾಳುತ್ತದೆ, ಆದರೆ ಅಂಗಡಿಯವನು ಕತ್ತರಿಸಿ ಕೊಟ್ಟ ಹೋಳು ಎರಡು ದಿನದೊಳಗೆ ಹುಳಿಯಾಗಬೇಕು. ಈ ವ್ಯತ್ಯಾಸವನ್ನು ಮರೆಯುವವರೇ ಹೆಚ್ಚು.

ಚೀಟಿ ಬರೆಯುವ ಮುನ್ನ ತರಕಾರಿ ಬುಟ್ಟಿಯನ್ನೂ ತಂಗಳುಪೆಟ್ಟಿಗೆಯನ್ನೂ ಬರಿದುಮಾಡಿ ನೋಡತಕ್ಕದ್ದು. ಅರ್ಧ ಬೀಟ್‌ರೂಟು, ನಾಲ್ಕು ಹುರುಳಿಕಾಯಿ ಉಳಿದಿದ್ದರೆ ಅವು ಭಾನುವಾರದ ಉಪ್ಪಿಟ್ಟಿಗೆ ಸೇರಲಿ. ಹೊಸ ಚೀಟಿಯಲ್ಲಿ ಅಷ್ಟು ತೂಕ ಕಡಿಮೆಯಾಗಲಿ.

ಇನ್ನು ಅಂಗಡಿಯ ಆಸೆ. ಅರ್ಧ ಕಿಲೋ 20 ರೂಪಾಯಿ, ಕಿಲೋ 35 ಎಂದು ಕೂಗಿದಾಗ 5 ರೂಪಾಯಿ ಉಳಿಯಿತೆಂದು ತೋರುತ್ತದೆ. ಅರ್ಧ ಕಿಲೋ ಬಾಡಿಹೋದರೆ ಉಂಡ ಅರ್ಧಕ್ಕೇ 35 ಕೊಟ್ಟಂತಾಯಿತು. 15 ರೂಪಾಯಿ ನಷ್ಟ. ಚೀಟಿಯಲ್ಲಿಲ್ಲದ ಪದಾರ್ಥ ಕಣ್ಣಿಗೆ ಬಿದ್ದರೆ ಯಾವ ದಿನದ ಅಡಿಗೆಗೆ ಎಂದು ಕೇಳಿಕೊಳ್ಳಬೇಕು. ದಿನ ಸಿಕ್ಕದಿದ್ದರೆ ಅದು ಮುಂದಿನ ವಾರದ ಚೀಟಿಗೆ. ದೂರವಾಣಿಯಲ್ಲಿ ತರಿಸುವವರಿಗೂ ಇದೇ ಮಾತು. ಅಲ್ಲಿ ಕೂಗುವವನಿಲ್ಲ, ಚಿತ್ರಗಳೇ ಕೂಗುತ್ತವೆ.

ಹಬ್ಬದ ವಾರಕ್ಕೂ ನೆಂಟರು ಬಂದ ವಾರಕ್ಕೂ ಈ ಲೆಕ್ಕ ನಿಲ್ಲದು. ಉಳಿದ ವಾರಗಳಲ್ಲಿ ಎಸೆದುದನ್ನು ಚೀಟಿಯ ಬೆನ್ನಿನಲ್ಲಿ ಬರೆದಿಡಬೇಕು. ಒಂದೇ ಹೆಸರು ಎರಡು ವಾರ ಬಂದರೆ ತಪ್ಪು ಅಲ್ಲಿದೆ. ಹಲವು ಮನೆಗಳಲ್ಲಿ ಆ ಹೆಸರು ಕೊತ್ತಂಬರಿ ಸೊಪ್ಪು. ಅಗ್ಗವೆಂದು ತಂದ ಎರಡನೆಯ ಕಟ್ಟು.